ರೆಸ್ಯೂಮೆಯ ಮೊದಲ ನಾಲ್ಕು ಸಾಲು

"ಇನ್‌ವಾಯ್ಸ್, ವೆಂಡರ್ ಪೇಮೆಂಟ್, ತಿಂಗಳ ಕ್ಲೋಸಿಂಗ್ ಜವಾಬ್ದಾರಿ ನಿರ್ವಹಿಸಿದ್ದೇನೆ." ಅಕೌಂಟ್ಸ್‌ನಲ್ಲಿ 6 ವರ್ಷ ಕೆಲಸ ಮಾಡಿದ ಗೆಳತಿಯೊಬ್ಬಳ ರೆಸ್ಯೂಮೆ ಶುರುವಾಗಿದ್ದು ಹೀಗೆ. ಸುಳ್ಳೇನಿಲ್ಲ. ಆದರೆ ಅದೇ ಕುರ್ಚಿಯಲ್ಲಿ ಯಾರು ಕೂತಿದ್ದರೂ ಈ ಸಾಲನ್ನೇ ಬರೀತಿದ್ದರು, ಅಲ್ವಾ? ಇದು ಹುದ್ದೆಯ ವಿವರಣೆ. ಅವಳ ಬಗ್ಗೆ ಇದರಲ್ಲಿ ಏನೂ ಇಲ್ಲ. ನೀನು ಏನು ಸಾಧಿಸಿದೆ ಅಂತ ಅಂಕಿಯಲ್ಲಿ ಬರಿ ಅಂದೆ.

"ನನ್ನ ಕೆಲಸದಲ್ಲಿ ಅಂಕಿ ಎಲ್ಲಿ ಬರುತ್ತೆ?" ಅಂದಳು. ನೀನು ಬರೋ ಮುಂಚೆ ಹೇಗಿತ್ತು, ಈಗ ಹೇಗಿದೆ ಅಂತ ಕೇಳಿದೆ. ಆಗ ವಿಷಯ ಹೊರಗೆ ಬಂತು. ಬೇರೆ ವಿಭಾಗದವರು ಬಿಲ್‌ಗಳನ್ನು ತಿಂಗಳು ಮುಗಿದ ಮೇಲೂ ತಂದು ಕೊಡುತ್ತಿದ್ದರಂತೆ. ಇವಳು 25ನೇ ತಾರೀಖು ಕೊನೆ ಅಂತ ನಿಗದಿ ಮಾಡಿ, 20ಕ್ಕೇ ನೆನಪಿನ ಮೇಲ್ ಕಳಿಸೋಕೆ ಶುರು ಮಾಡಿದಳು. ಆಮೇಲೆ ಕ್ಲೋಸಿಂಗ್, ಅಂದರೆ ಆ ತಿಂಗಳ ಲೆಕ್ಕ ಪೂರ್ತಿ ಮಾಡೋ ಕೆಲಸ, ಬೇಗ ಮುಗಿಯತೊಡಗಿತು.

ಎಷ್ಟು ಬೇಗ? ಅವಳು ಯಾವತ್ತೂ ಲೆಕ್ಕ ಇಟ್ಟಿರಲಿಲ್ಲ, ಆದರೆ ಪ್ರತಿ ತಿಂಗಳ ಅಂತಿಮ ವರದಿಯನ್ನು ಮ್ಯಾನೇಜರ್‌ಗೆ ಕಳಿಸಿದ ಮೇಲ್‌ಗಳು ಇದ್ದವು, ಅವುಗಳ ಮೇಲೆ ತಾರೀಖೂ ಇತ್ತು. ಬದಲಾವಣೆಗೆ ಮುಂಚಿನ 6 ತಿಂಗಳು, ನಂತರದ 6 ತಿಂಗಳು ತೆಗೆದು ಸರಾಸರಿ ನೋಡಿದಳು. ವರ್ಷದ ಕೊನೆಯ ಕ್ಲೋಸಿಂಗ್ ಯಾವಾಗಲೂ ಜಾಸ್ತಿ ಎಳೆಯುತ್ತೆ, ಅದನ್ನು ಲೆಕ್ಕದಿಂದ ಬಿಟ್ಟಳು. 9 ಕೆಲಸದ ದಿನ ಇದ್ದದ್ದು 5 ಆಗಿತ್ತು.

ಈಗ ಸಾಲು ಹೀಗಿದೆ: "ಅಕೌಂಟ್ಸ್‌ನಲ್ಲಿ 6 ವರ್ಷ, ತಿಂಗಳಿಗೆ ಸುಮಾರು 400 ವೆಂಡರ್ ಬಿಲ್‌ಗಳ ನಿರ್ವಹಣೆ. ಬಿಲ್ ಸಲ್ಲಿಕೆಗೆ ಗಡುವು ತಂದು ತಿಂಗಳ ಕ್ಲೋಸಿಂಗ್ ಅನ್ನು 9 ಕೆಲಸದ ದಿನಗಳಿಂದ 5ಕ್ಕೆ ಇಳಿಸಿದ್ದೇನೆ." 400 ಅನ್ನೋದು ಕೆಲಸದ ಗಾತ್ರ ಅಷ್ಟೇ, ಸಾಧನೆ ಅಲ್ಲ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. 9ರಿಂದ 5 ಅನ್ನೋದೇ ಫಲಿತಾಂಶ, ಮತ್ತು ಅದು ಹೇಗೆ ಬಂತು ಅನ್ನೋದೂ ಅದೇ ವಾಕ್ಯದಲ್ಲಿದೆ.

"ದಕ್ಷತೆ 44% ಹೆಚ್ಚಿಸಿದೆ" ಅಂತ ಬರೆಯೋಣ ಅಂದಳು. ಬೇಡ ಅಂದೆ. ದಿನಗಳು 44% ಕಡಿಮೆಯಾದದ್ದು ನಿಜ, ಆದರೆ ದಕ್ಷತೆಯನ್ನು ಯಾರು ಅಳೆದರು? ಯಾವುದರ ಶೇಕಡಾ ಅಂತ ಹೇಳದ ಅಂಕಿ ನೋಡಿದರೆ ನನಗಂತೂ ಅನುಮಾನವೇ ಬರುತ್ತೆ. ಸಂದರ್ಶನದಲ್ಲಿ "ಹೇಗೆ ಲೆಕ್ಕ ಹಾಕಿದಿರಿ?" ಅಂತ ಕೇಳಿದಾಗ ಎರಡು ವಾಕ್ಯದಲ್ಲಿ ಉತ್ತರ ಕೊಡೋಕೆ ಆಗದಿದ್ದರೆ ಆ ಅಂಕಿ ತೆಗೆದುಬಿಡಿ. ಅದೇ ಸಮಯದಲ್ಲಿ ಹೊಸ ಸಾಫ್ಟ್‌ವೇರ್ ಬಂದಿದ್ದರೆ, ಇಡೀ ತಂಡ ಸೇರಿ ಮಾಡಿದ್ದರೆ, ಅದನ್ನೂ ಹೇಳಿ.

ರೆಸ್ಯೂಮೆಯ ಶುರುವಿನ ಈ ಸಮ್ಮರಿಯಲ್ಲಿ ಇಂಥ ಒಂದೆರಡು ಅಂಕಿ ಸಾಕು, ಉಳಿದವು ಕೆಳಗೆ ಅನುಭವದ ಭಾಗಕ್ಕೆ ಹೋಗಲಿ. ಕಂಪನಿಯ ಹಣದ ಮೊತ್ತ ಗುಟ್ಟಿನದಾದರೆ ಅದನ್ನು ಬರೆಯಲೇಬೇಡಿ; ದಿನ, ಗಂಟೆ, ತಪ್ಪುಗಳ ಸಂಖ್ಯೆಯಂಥವು ಸಾಮಾನ್ಯವಾಗಿ ಯಾರ ಗುಟ್ಟನ್ನೂ ಬಿಟ್ಟುಕೊಡೋದಿಲ್ಲ.