ಪ್ರೊಬೇಷನ್‌ನಲ್ಲಿ ಪಿಎಫ್ ಇಲ್ಲವೇ? ಒಂದು ಸ್ಪಷ್ಟನೆ

“ಪ್ರೊಬೇಷನ್ ಮುಗಿಯುವವರೆಗೆ ಪಿಎಫ್ ಇಲ್ಲ ಅಂತ ಆಫರ್ ಲೆಟರ್‌ನಲ್ಲೇ ಬರೆದರೆ ಸಣ್ಣ ಕಂಪನಿ ಪಿಎಫ್ ಕಟ್ಟಬೇಕಾಗಿಲ್ಲ.”

ತಪ್ಪು. 20 ಅಥವಾ ಜಾಸ್ತಿ ಜನ ಇರುವ ಕಂಪನಿಗೆ ಪಿಎಫ್ ಕಾನೂನು ಅನ್ವಯಿಸುತ್ತದೆ. ಅಲ್ಲಿ ಪ್ರೊಬೇಷನ್‌ನವರೂ ಸೇರಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತಾರೆ. ನೀವು ಸಹಿ ಹಾಕಿದ ಮಾತ್ರಕ್ಕೆ ಇದು ಬದಲಾಗುವುದಿಲ್ಲ. ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರ ಮಾತು ಬೇರೆ. ಸುಮ್ನೆ ‘ಟ್ರೈನಿ’ ಅಂತ ಬರೆದರೆ ಸಾಲದು.

ದಾವಣಗೆರೆಯಲ್ಲಿ 25 ಜನರ ಒಂದು ಆಫೀಸು ಅಂದುಕೊಳ್ಳಿ. ಹುದ್ದೆ ಅಕೌಂಟ್ಸ್ ಸಹಾಯಕ, ಪ್ರೊಬೇಷನ್ 6 ತಿಂಗಳು, ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ತಿಂಗಳಿಗೆ 18,000, ಅದರಲ್ಲಿ ಬೇಸಿಕ್ 12,000. ಪಿಎಫ್‌ಗೆ ನಿಮ್ಮ ಪಾಲು ಬೇಸಿಕ್‌ನ ಶೇ. 12, ಅಂದರೆ 1,440; ಕಂಪನಿಯ ಪಾಲೂ ಅಷ್ಟೇ. ಕಂಪನಿಯ ಪಾಲೂ ಸಿಟಿಸಿಯೊಳಗೇ ಇದ್ದರೆ ಎರಡೂ ಸೇರಿ 2,880 ಹೋಗಿ, 15,120 ಉಳಿಯುತ್ತದೆ. ಇಎಸ್‌ಐ ಕಡಿತ ಬೇರೆ. ಗಲಾಟೆ ಶುರುವಾಗುವುದು ಇಲ್ಲೇ, ಪ್ರೊಬೇಷನ್‌ನಿಂದಲ್ಲ! ಹಾಗಾಗಿ 18,000 ಸಿಟಿಸಿಯೋ, ಕೈಗೆ ಬರುವ ಸಂಬಳವೋ ಎಂದು ಲೆಟರ್‌ನಲ್ಲೇ ಬರೆಸಿಕೊಳ್ಳಿ.

ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸೇರಿ ಎರಡು ತಿಂಗಳಾದರೂ ಪಿಎಫ್ ಪಾಸ್‌ಬುಕ್ ಖಾಲಿ ಇದ್ದರೆ ಎಚ್‌ಆರ್ ಅವರನ್ನು ಕೇಳಿ.