ಕರ್ಪೂರಗೌರಂ: ಗೊತ್ತಿರುವ ಪದಗಳೇ ದಾರಿ ತಪ್ಪಿಸಿದವು

ದಾವಣಗೆರೆಯ ನಮ್ಮ ಮನೆಯಲ್ಲಿ ಶ್ರಾವಣದ ಸೋಮವಾರಗಳಂದು ಸಂಜೆ ಹತ್ತಿರದ ನೆಂಟರೆಲ್ಲ ಸೇರಿ ಭಜನೆ ಮಾಡುವ ಪದ್ಧತಿಯಿದೆ. ಹರಿಹರದಿಂದ ಅತ್ತೆ, ಚಿತ್ರದುರ್ಗದಿಂದ ಚಿಕ್ಕಪ್ಪನ ಮನೆಯವರು ಬರುತ್ತಾರೆ. ಕೊನೆಯಲ್ಲಿ ಹೇಳುವ ಮಂಗಳಾರತಿ ಹಾಡು ಮುಗಿಯುವುದು ಈ ಶ್ಲೋಕದಿಂದ:

ಕರ್ಪೂರಗೌರಂ ಕರುಣಾವತಾರಂ
ಸಂಸಾರಸಾರಂ ಭುಜಗೇಂದ್ರಹಾರಂ |
ಸದಾ ವಸಂತಂ ಹೃದಯಾರವಿಂದೇ
ಭವಂ ಭವಾನೀಸಹಿತಂ ನಮಾಮಿ ||

ನಮ್ಮಲ್ಲಿ ಇದು ಬಾಯಿಗೆ ಬಾರದವರಿಲ್ಲ. ಆದರೆ ಈ ವರ್ಷ ಅಜ್ಜಿ, "ಇಷ್ಟು ವರ್ಷ ಹೇಳ್ಕೊಂಡು ಬಂದೀನಪ್ಪಾ, ಏನು ಹೇಳ್ತಿದೀನಿ ಅಂತ ಒಂದ್ಸಲ ತಿಳ್ಕಬೇಕು" ಎಂದರು. ಹಾಡಿದ ನಂತರ ಓದುವುದಕ್ಕೆ ತಿಳಿಗನ್ನಡದಲ್ಲಿ ಅರ್ಥ ಬರೆದುಕೊಡುವ ಕೆಲಸವನ್ನು ನಾನು ವಹಿಸಿಕೊಂಡೆ.

ಮನೆಯಲ್ಲಿದ್ದ ಭಜನೆಯ ಪುಸ್ತಕದಲ್ಲಿ ತಾತ್ಪರ್ಯವೇನೋ ಇತ್ತು. "ಕರ್ಪೂರಗೌರನೂ, ಕರುಣಾವತಾರನೂ, ಸಂಸಾರಸಾರನೂ ಆದ..." ಎಂದು ಅದು ಸಾಗುತ್ತಿತ್ತು. ಸಂಸ್ಕೃತದ ಪದಕ್ಕೆ ಕನ್ನಡದ ಪ್ರತ್ಯಯವನ್ನು ಅಂಟಿಸಿದರೆ ಅದು ಅರ್ಥವಾಗುವುದಿಲ್ಲ, ಅದೇ ಶ್ಲೋಕ ಇನ್ನೊಮ್ಮೆ ಉದ್ದವಾಗಿ ಬಂದಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಬರೆಯುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು, ಯಾವ ಪದ ಯಾರಿಗೆ ಹೇಗೆ ಕೇಳಿಸುತ್ತಿದೆ ಎಂದು ವಿಚಾರಿಸಿದೆ. ಭುಜಗೇಂದ್ರಹಾರ ಎಂದರೆ ಭುಜದ ಮೇಲೆ ಇಳಿಬಿದ್ದಿರುವ ಹಾರವೆಂದು ಅತ್ತೆ ತಿಳಿದಿದ್ದರು. ವಸಂತ ಎಂದರೆ ವಸಂತಕಾಲವೆಂದು ಚಿಕ್ಕಪ್ಪ ಹೇಳಿದರು. ಸಂಸಾರಸಾರ ಎಂಬಲ್ಲಿ ಅಮ್ಮನಿಗೆ ಕೇಳಿಸುತ್ತಿದ್ದದ್ದು ಗಂಡ, ಹೆಂಡತಿ, ಮಕ್ಕಳ ಸಂಸಾರ. ಗೌರ, ಅರವಿಂದ ಮುಂತಾದ ಪದಗಳ ವಿಷಯದಲ್ಲಿ ಎಲ್ಲರೂ ನೇರವಾಗಿ "ಗೊತ್ತಿಲ್ಲ" ಎಂದರು. ಗೊತ್ತಿಲ್ಲದ ಪದದಿಂದ ತೊಂದರೆಯಿಲ್ಲ, ಅದನ್ನು ನಿಘಂಟು ತೆಗೆದು ನೋಡುತ್ತೇವೆ. ನಮ್ಮ ಕನ್ನಡದಲ್ಲಿ ಬೇರೆ ಅರ್ಥದಿಂದ ಬಳಕೆಯಾಗುತ್ತಿರುವ ಪದವನ್ನು ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ.

ನಾನು ಕಡೆಯ ಪದದಿಂದ ಆರಂಭಿಸಿದೆ. ನಮಾಮಿ ಎಂದರೆ ನಮಸ್ಕರಿಸುತ್ತೇನೆ. ಶ್ಲೋಕದಲ್ಲಿರುವ ಕ್ರಿಯಾಪದ ಇದೊಂದೇ. ಯಾರನ್ನು ಎಂದು ಕೇಳಿದರೆ ಭವಂ, ಅಂದರೆ ಭವನನ್ನು ಎಂಬ ಉತ್ತರ ಬರುತ್ತದೆ. ಭವ ಎಂಬುದು ಶಿವನ ಹಳೆಯ ಹೆಸರುಗಳಲ್ಲೊಂದು. ಇಂದ್ರನಿಂದ ಇಂದ್ರಾಣಿ, ರುದ್ರನಿಂದ ರುದ್ರಾಣಿ ಆದ ಹಾಗೆ ಭವನಿಂದ ಭವಾನಿ ಆಗುತ್ತದೆ, ಇದಕ್ಕೆ ಪಾಣಿನಿಯ ವ್ಯಾಕರಣದಲ್ಲಿ ಸೂತ್ರವೇ ಇದೆ. ಆದರೆ ಕನ್ನಡದಲ್ಲಿ ಭವ ಎಂದೊಡನೆ ನೆನಪಾಗುವುದು ಭವಬಂಧನ, ಭವಸಾಗರ. "ಭವನಿಗೆ ನಮಸ್ಕರಿಸುತ್ತೇನೆ" ಎಂದು ಬರೆದರೆ ಕೇಳುವವರು ಒಂದು ಕ್ಷಣ ತಡವರಿಸುತ್ತಾರೆ. ಆದ್ದರಿಂದ ಇಲ್ಲಿ ಶಿವ ಎಂದೇ ಬರೆದೆ. ಭವ, ಭವಾನಿ ಎಂಬ ಜೋಡಿಯ ನಾದ ಇದರಿಂದ ಹೋಗುತ್ತದೆಂಬುದು ನಿಜ. ಆ ನಾದವನ್ನು ಶ್ಲೋಕದಲ್ಲೇ ಕೇಳಿ ಆಗಿರುತ್ತದೆ, ಏಕೆಂದರೆ ನಾವು ಅರ್ಥವನ್ನು ಓದುವುದು ಹಾಡಿದ ಮೇಲೆ, ಹಾಡಿನ ಬದಲಿಗೆ ಅಲ್ಲ.

ಭವಂ ಎಂಬುದು ದ್ವಿತೀಯಾ ವಿಭಕ್ತಿಯಲ್ಲಿರುವುದರಿಂದ ಅದರ ವಿಶೇಷಣಗಳೂ ಅದೇ ವಿಭಕ್ತಿಯಲ್ಲಿವೆ. ಗೌರಂ, ಅವತಾರಂ, ಸಾರಂ, ಹಾರಂ, ಸಹಿತಂ ಎಲ್ಲವೂ ಹೀಗೆ ಶಿವನ ಕಡೆಗೇ ಕೈತೋರಿಸುತ್ತವೆ. ವಸಂತಂ ಎಂಬುದೂ ಈ ಸಾಲಿಗೆ ಸೇರಿದ್ದು. ಅದು ಋತುವಿನ ಹೆಸರಲ್ಲ. ವಸ್ ಎಂಬ ಧಾತುವಿಗೆ ವಾಸಿಸು ಎಂದು ಅರ್ಥ, ನಮ್ಮ ವಾಸ, ನಿವಾಸ, ವಸತಿ ಎಲ್ಲ ಅದರಿಂದಲೇ ಬಂದವು. ಗಚ್ಛಂತಂ ಎಂದರೆ ಹೋಗುತ್ತಿರುವವನನ್ನು ಎಂದಾಗುವ ಹಾಗೆ, ವಸಂತಂ ಎಂದರೆ ವಾಸಿಸುತ್ತಿರುವವನನ್ನು. ಪಕ್ಕದಲ್ಲಿರುವ ಹೃದಯಾರವಿಂದೇ ಎಂಬ ಸಪ್ತಮೀ ವಿಭಕ್ತಿಯ ಪದವೂ ಇದಕ್ಕೆ ಸಾಕ್ಷಿ. ವಾಸಿಸುತ್ತಿರುವವನು ಎಂದೊಡನೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ, ಹೃದಯವೆಂಬ ತಾವರೆಯಲ್ಲಿ ಎಂಬ ಉತ್ತರ ಅಲ್ಲೇ ಇದೆ. ಚಿಕ್ಕಪ್ಪನಿಗೆ ಸ್ವಲ್ಪ ಬೇಸರವಾಯಿತು. ಹೃದಯದಲ್ಲಿ ಎಂದೆಂದಿಗೂ ವಸಂತಕಾಲ ಎಂಬ ಚಿತ್ರವನ್ನು ಅವರು ಬಹಳ ಕಾಲದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ತಾವರೆಯ ಪಕ್ಕದಲ್ಲಿ ಆ ಪದವಿರುವಾಗ ಕಿವಿಗೆ ವಸಂತದ ನೆರಳೊಂದು ಬೀಳುವುದು ಸಹಜವೇ, ಅದನ್ನು ಹಾಡುವವರು ಅನುಭವಿಸಲಿ. ಆದರೆ ಅರ್ಥವೆಂದು ಬರೆಯುವಾಗ ನೆಲೆಸಿರುವವನು ಎಂದೇ ಬರೆಯಬೇಕು.

ಭುಜಗ ಎಂಬುದರಲ್ಲಿರುವ ಭುಜಕ್ಕೂ ಹೆಗಲಿಗೂ ಸಂಬಂಧವಿಲ್ಲ. ಇಲ್ಲಿ ಅದರ ಅರ್ಥ ಬಾಗು, ಬಳುಕು ಎಂದು. ಬಾಗುತ್ತ ಸಾಗುವುದು ಭುಜಗ, ಅಂದರೆ ಹಾವು. ಹಾವುಗಳಿಗೆ ಒಡೆಯನಾದದ್ದು ಭುಜಗೇಂದ್ರ, ಅದನ್ನೇ ಹಾರವಾಗಿ ಉಳ್ಳವನು ಭುಜಗೇಂದ್ರಹಾರ. ಆ ಹಾವಿನ ಹೆಸರನ್ನು ಶ್ಲೋಕ ಹೇಳಿಲ್ಲವಾದ್ದರಿಂದ ವಾಸುಕಿ ಎಂದು ನಾನೂ ಸೇರಿಸಲಿಲ್ಲ.

ಹೀಗೆ ಸೇರಿಸುವ ಆಸೆ ಹೆಚ್ಚಾಗುವುದು ಮೊದಲ ಪದದಲ್ಲಿ. ಕರ್ಪೂರ ಉರಿದರೆ ಏನೂ ಉಳಿಯುವುದಿಲ್ಲ, ಹಾಗೆಯೇ ನಮ್ಮ ಅಹಂಕಾರವೂ ಕರಗಬೇಕು ಎಂಬ ವಿವರಣೆಯನ್ನು ಎಲ್ಲರೂ ಕೇಳಿದ್ದೇವೆ. ಆರತಿಯ ಹೊತ್ತಿನಲ್ಲಿ ಅದನ್ನು ಯಾರಾದರೂ ಹೇಳಿದರೆ ನನ್ನ ಕಣ್ಣೂ ಒದ್ದೆಯಾಗುತ್ತದೆ. ಆದರೆ ಕರ್ಪೂರಗೌರ ಎಂಬ ಸಮಾಸದಲ್ಲಿ ಕರ್ಪೂರವನ್ನು ತಂದಿರುವುದು ಬಣ್ಣಕ್ಕಾಗಿ ಮಾತ್ರ. ಗೌರ ಎಂದರೆ ಬಿಳಿ, ಗೌರಿ ಎಂಬ ಹೆಸರೂ ಅದರಿಂದಲೇ ಬಂದದ್ದು. ಕರ್ಪೂರದ ಹಾಗೆ ಬೆಳ್ಳಗಿರುವವನು ಎಂದರೆ ಅರ್ಥ ಮುಗಿಯಿತು. ಉರಿಯುವ, ಕರಗುವ ಮಾತು ಪ್ರವಚನಕ್ಕೆ ಸೇರಿದ್ದು. ಅದನ್ನು ಅರ್ಥದೊಳಗೆ ಸೇರಿಸಿಬಿಟ್ಟರೆ, ಶ್ಲೋಕ ಹೇಳಿದ್ದು ಯಾವುದು, ನಾವು ಹೇಳಿದ್ದು ಯಾವುದು ಎಂಬ ಗೆರೆ ಮುಂದಿನವರಿಗೆ ಕಾಣಿಸುವುದಿಲ್ಲ. ಅಣ್ಣನ ಮಗಳು ಇದನ್ನು ಕೇಳಿ, "ಚಿಕ್ಕಪ್ಪಾ, ಶಿವ ನೀಲಿ ಅಲ್ವಾ?" ಎಂದಳು. ಕ್ಯಾಲೆಂಡರಿನ ಚಿತ್ರಗಳಲ್ಲಿ ಮೈಯೆಲ್ಲ ನೀಲಿ ಬಳಿದಿರುತ್ತಾರೆ, ನೀಲಕಂಠ ಎಂಬ ಹೆಸರಿನಂತೆ ನೀಲಿಯಿರುವುದು ಕೊರಳು ಮಾತ್ರ ಎಂದು ತೋರಿಸಿಕೊಟ್ಟೆ.

ಸಹಿತ ಎಂಬಲ್ಲಿಯೂ ಇಂಥದೇ ಎಚ್ಚರ ಬೇಕಾಯಿತು. ಅತ್ತೆ, "ಭವಾನಿ ಅಂದ್ರೆ ಅರ್ಧ ಮೈ ಅಲ್ವೇನೋ?" ಎಂದು ಕೇಳಿದರು. ಹರಿಹರದವರಿಗೆ ಒಂದೇ ಮೂರ್ತಿಯಲ್ಲಿ ಇಬ್ಬರಿರುವುದು ದಿನನಿತ್ಯದ ನೋಟ. 1224ರಲ್ಲಿ ಕಟ್ಟಿಸಿದ ಅಲ್ಲಿನ ಹರಿಹರೇಶ್ವರನ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೈಯಲ್ಲಿದ್ದಾರೆ. ಅರ್ಧನಾರೀಶ್ವರನ ಕಲ್ಪನೆಯೂ ಅಂಥದ್ದೇ. ಆದರೆ ಸಹಿತ ಎಂದರೆ ಜೊತೆಗೆ. ಇಲ್ಲಿ ಭವಾನಿ ಬೇರೆಯಾಗಿ, ಪಕ್ಕದಲ್ಲಿ ಇದ್ದಾಳೆ.

ಶ್ಲೋಕವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸುವ ಮುನ್ನ ಪಾಠವನ್ನೂ ಪರೀಕ್ಷಿಸಬೇಕಾಯಿತು, ಏಕೆಂದರೆ ಮೊಬೈಲಿನಲ್ಲಿ ಬಂದ ಪ್ರತಿಯಲ್ಲಿ ಎರಡು ತಪ್ಪುಗಳಿದ್ದವು. ಒಂದು ಭವಾನಿಸಹಿತಂ ಎಂದು ಹ್ರಸ್ವ ಮಾಡಿದ್ದು. ಇದನ್ನು ಛಂದಸ್ಸು ತಾನೇ ಹಿಡಿದುಕೊಡುತ್ತದೆ. ಪ್ರತಿ ಪಾದದಲ್ಲೂ 11 ಅಕ್ಷರಗಳಿವೆ, ನಾಲ್ಕೂ ಪಾದಗಳಲ್ಲಿ 5ನೆಯ ಅಕ್ಷರ ಗುರುವೇ ಆಗಿರುತ್ತದೆ. ಮೊದಲ ಪಾದದ ರಂ, ಎರಡನೆಯದರ ರಂ, ಮೂರನೆಯದರ ತಂ, ನಾಲ್ಕನೆಯದರಲ್ಲಿ ನೀ. ಅಲ್ಲಿ ನಿ ಎಂದು ಬರೆದರೆ ಗುರು ತಪ್ಪಿ, ಹಾಡುವಾಗ ರಾಗ ಅಲ್ಲೇ ಮುಗ್ಗರಿಸುತ್ತದೆ. ಇನ್ನೊಂದು ತಪ್ಪು ಹೃದಯಾರವೃಂದೇ ಎಂಬುದು. ವೃಂದ ಎಂದರೆ ಗುಂಪು. ವಿಂ ಇದ್ದರೂ ವೃಂ ಇದ್ದರೂ ಅದು ಗುರುವೇ ಆದ್ದರಿಂದ ಛಂದಸ್ಸಿಗೆ ಈ ತಪ್ಪು ಸಿಗುವುದಿಲ್ಲ, ಹಾಡುವವರ ಕಿವಿಗೂ ಸಿಗುವುದಿಲ್ಲ. ಹೃದಯ, ಅರವಿಂದ ಎಂದು ಬಿಡಿಸಿ ನೋಡಿದವರಿಗೆ ಮಾತ್ರ ತಾವರೆ ಕಳೆದುಹೋಗಿರುವುದು ಗೊತ್ತಾಗುತ್ತದೆ.

ನನ್ನ ಮೊದಲ ಕರಡು "ಆಗಿರುವ", "ಧರಿಸಿರುವ", "ನೆಲೆಸಿರುವ" ಎಂದು ಒಂದೇ ಉದ್ದದ ವಾಕ್ಯವಾಗಿತ್ತು. ಕಾಗದದ ಮೇಲೆ ಸರಿಯಾಗಿ ಕಂಡರೂ ಅಮ್ಮ ಗಟ್ಟಿಯಾಗಿ ಓದಿದಾಗ ನಡುವೆಯೇ ಉಸಿರು ಸಾಲದಾಯಿತು. ಹಾಗಾಗಿ ಅದನ್ನು ಒಡೆದು ಹೀಗೆ ಬರೆದೆ:

"ಶಿವನು ಕರ್ಪೂರದ ಹಾಗೆ ಬೆಳ್ಳಗಿದ್ದಾನೆ. ಕರುಣೆಯೇ ಮೈತಾಳಿ ಬಂದಂತಿದ್ದಾನೆ. ಈ ಬದುಕಿನ ತಿರುಳೇ ಅವನು. ಹಾವುಗಳ ಅರಸನೇ ಅವನ ಕೊರಳಿನ ಹಾರ. ಎದೆಯೆಂಬ ತಾವರೆಯಲ್ಲಿ ಅವನು ಎಂದೆಂದಿಗೂ ನೆಲೆಸಿದ್ದಾನೆ. ಭವಾನಿಯ ಜೊತೆಗಿರುವ ಆ ಶಿವನಿಗೆ ನಮಸ್ಕರಿಸುತ್ತೇನೆ."

ಹತ್ತಾರು ಜನ ಒಟ್ಟಿಗೆ ಹೇಳುವಾಗ ನಮಸ್ಕರಿಸುತ್ತೇವೆ ಎಂದಿರಲಿ ಎಂದು ಅಣ್ಣ ಸೂಚಿಸಿದ. ನಮಾಮಿ ಏಕವಚನ. ಎಷ್ಟು ಜನರಿದ್ದರೂ ಪ್ರತಿಯೊಬ್ಬರೂ ತಮ್ಮ ಪಾಲಿನ ನಮಸ್ಕಾರವನ್ನು ತಾವೇ ಹೇಳುವುದು ಸರಿಯೆಂದು ನಾನು ಅದನ್ನು ಬದಲಿಸಲಿಲ್ಲ. ಎದೆ ಯಾರದು ಎಂಬುದನ್ನು ಶ್ಲೋಕ ಹೇಳುವುದಿಲ್ಲ, ಆದ್ದರಿಂದ ನಾನೂ "ನನ್ನ" ಎಂದಾಗಲಿ "ಭಕ್ತರ" ಎಂದಾಗಲಿ ಸೇರಿಸಲಿಲ್ಲ.

ಬದಲಾದದ್ದು ಒಂದೇ ಪದ. ಸಂಸಾರ ಎಂದರೆ ಇಲ್ಲಿ ಹುಟ್ಟು ಸಾವುಗಳ ನಡುವೆ ಹರಿಯುತ್ತಲೇ ಇರುವುದು, ಸಾರ ಎಂದರೆ ಒಳಗಿನ ಗಟ್ಟಿ. ಕಾಯಿ ಒಡೆದಾಗ ಸಿಗುವ ತಿರುಳು ಎಲ್ಲರಿಗೂ ಗೊತ್ತಿರುವುದರಿಂದ ತಿರುಳು ಎಂಬುದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಆದರೆ ಎರಡನೆಯ ಸೋಮವಾರ ಓದಿದಾಗ ಅಜ್ಜಿ ಬದುಕು ಎಂಬಲ್ಲಿ ತಡೆದರು. "ನಮ್ ಕಡೆ ಬದುಕು ಅಂದ್ರೆ ಹೊಲಮನಿ ಕೆಲಸನಪ್ಪಾ. ಬದುಕು ಮುಗೀತಾ ಅಂತ ಕೇಳಲ್ವಾ? ಬಾಳು ಅಂತ ಬರಿ" ಎಂದರು. ಸಂಸ್ಕೃತದ ಪದಗಳ ವಿಷಯದಲ್ಲಿ ಇತರರಿಗೆ ಎಚ್ಚರಿಕೆ ಹೇಳುತ್ತಿದ್ದ ನಾನು, ಕನ್ನಡದ ಪದವೊಂದರಲ್ಲಿ ಅದೇ ತಪ್ಪು ಮಾಡಿದ್ದೆ. ಮೂರನೆಯ ಸೋಮವಾರದ ಹಾಳೆಯಲ್ಲಿ "ಈ ಬಾಳಿನ ತಿರುಳೇ ಅವನು" ಎಂದು ತಿದ್ದಿದೆ, ಅಂದು ಅರ್ಥವನ್ನು ಅಜ್ಜಿಯೇ ಓದಿದರು.