“ಸ್ಟ್ರಾಂಗ್ ಆಗಿರೋದು ಕೊಡಪ್ಪಾ” ಅನ್ನೋರಿಗೆ

ಈಗಷ್ಟೇ ಮೆಡಿಕಲ್ ಶಾಪಿನಿಂದ ಬಂದೆ. ಇನ್ನೂ ಸಿಟ್ಟು ಇಳಿದಿಲ್ಲ.

ನನ್ನ ಮುಂದೆ ಒಬ್ಬರು ಯಜಮಾನರು ಮಫ್ಲರ್ ಸುತ್ತಿಕೊಂಡು ನಡುಗುತ್ತಾ ನಿಂತಿದ್ದರು. “ಫ್ಲೂ ಅಂದ್ರು ಡಾಕ್ಟ್ರು. ಮೈಕೈ ಎಲ್ಲಾ ನೋವು, ಜ್ವರ ಡೋಲೋಗೆ ಬಗ್ತಿಲ್ಲ. ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಪ್ಪಾ.” ಹುಡುಗ ಹಿಂದೆಮುಂದೆ ನೋಡದೆ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325 ಸೇರಿದ ಮಾತ್ರೆ ಕತ್ತರಿಸಿ ಕೊಟ್ಟ. “ದಿನಕ್ಕೆ ಮೂರು, ಅಂಕಲ್.” ಜೊತೆಗೆ ಅವರ ಮಾಮೂಲಿ ಬಿಪಿ ಮಾತ್ರೆ. ಟೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಜೈಡ್ ಎರಡೂ ಇರುವಂಥದ್ದು. ಎಲ್ಲಾ ಒಂದೇ ಕವರಿನಲ್ಲಿ!

ಡಯಾಲಿಸಿಸ್ ವಾರ್ಡಿನಲ್ಲೇ ಕೂದಲು ಹಣ್ಣು ಮಾಡಿಕೊಂಡ ನರ್ಸ್ ನಾನು, ನಿಮಗೆ ಗೊತ್ತಲ್ಲ. ಸುಮ್ನಿರೋಕಾಗಲಿಲ್ಲ. “ಊಟ ಸೇರ್ತಿದೆಯಾ?” ಅಂದೆ. “ಎಲ್ಲಿ ತಾಯಿ, ಗಂಜಿ ಕುಡಿದ್ರೂ ವಾಂತಿ.” ಮೂತ್ರ? “ಬೆಳಗ್ಗೆ ಸ್ವಲ್ಪ ಹೋಯ್ತು, ಡಿಕಾಕ್ಷನ್ ಥರ.”

ಡಿಕಾಕ್ಷನ್ ಥರ. ಇದಕ್ಕಿಂತ ಬೇರೆ ಎಚ್ಚರಿಕೆ ಇನ್ನೇನು ಬೇಕು?

ನಮ್ಮ ದೇಹದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಅಂತ ಒಂದು ವಸ್ತು ತಯಾರಾಗುತ್ತದೆ. ಜ್ವರ, ನೋವು ಏರಿಸುವುದು ಅದೇ. ಐಬುಪ್ರೊಫೆನ್ ಅದನ್ನು ಮೈಯೆಲ್ಲಾ ತಡೆಯುತ್ತದೆ. ಅದಕ್ಕೇ ನೋವು ಹೋಗುವುದು. ಆದರೆ ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುವುದೂ ಅದೇ ವಸ್ತು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಅಗಲವಾಗಿ ಇಡುವುದೂ ಅದೇ. ಚೆನ್ನಾಗಿ ಉಂಡು, ನೀರು ಕುಡಿದು ಓಡಾಡಿಕೊಂಡಿರುವವರ ಕಿಡ್ನಿಗೆ ಈ ಸಹಾಯ ಅಷ್ಟಾಗಿ ಬೇಕಿಲ್ಲ. ಬೆವರಿ, ವಾಂತಿ ಮಾಡಿ ಒಣಗಿದವರಿಗೆ ಇದೇ ಆಧಾರ.

ಈಗ ಯಜಮಾನರ ಕವರ್ ನೋಡಿ. ಥಯಜೈಡ್ ಮೈಯಿಂದ ನೀರು, ಉಪ್ಪು ಹೊರಗೆ ಹಾಕುತ್ತದೆ. ಟೆಲ್ಮಿಸಾರ್ಟಾನ್ ಕಿಡ್ನಿಯ ಸೋಸುವ ಜಾಗದಿಂದ ರಕ್ತ ಆಚೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಅದರ ಮೇಲೆ ಐಬುಪ್ರೊಫೆನ್ ಬಂದು ರಕ್ತ ಒಳಗೆ ಬರುವ ನಾಳವನ್ನೇ ಕಿರಿದು ಮಾಡುತ್ತದೆ. ಟ್ಯಾಂಕಿನಲ್ಲಿ ನೀರು ತಳ ಕಂಡಿರುವಾಗ ಮೇಲಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟ ಹಾಗೆ. ಸೋಸಲು ಒತ್ತಡವೇ ಇರುವುದಿಲ್ಲ. ಮೂತ್ರ ಕಡಿಮೆ, ಕಾಲು ಊತ, ಕಿಡ್ನಿ ಸೋಸಿ ಹಾಕಬೇಕಾದ ಕಸ ಕ್ರಿಯಾಟಿನಿನ್ ರಕ್ತದಲ್ಲಿ ಏರಿಕೆ. ಬೇಗ ಹಿಡಿದು ಮಾತ್ರೆ ನಿಲ್ಲಿಸಿ, ನೀರು ತುಂಬಿಸಿದರೆ ಜಾಸ್ತಿ ಜನ ಸುಧಾರಿಸುತ್ತಾರೆ. ತಡವಾಗಿ ಬಂದವರು ನಮ್ಮ ವಾರ್ಡಿಗೆ ಬರುತ್ತಾರೆ.

ಹುಡುಗ ಜಾಣ. “ಗ್ಯಾಸ್ ಮಾತ್ರೆ ಜೊತೆಗೆ ಕೊಡ್ತೀನಿ ಬಿಡಿ ಮೇಡಂ” ಅಂದ. ಅಯ್ಯಾ ಪುಣ್ಯಾತ್ಮ, ಪ್ಯಾಂಟೊಪ್ರಝೋಲ್ ಕಾಯುವುದು ಹೊಟ್ಟೆಯನ್ನು. ಕಿಡ್ನಿಗೆ ಅದರಿಂದ ಏನೂ ಉಪಯೋಗವಿಲ್ಲ. ಅಲ್ಸರ್ ಆಗಿದ್ದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಗ್ಯಾಸ್ ಮಾತ್ರೆ ಇದೆ ಅಂತ ಧೈರ್ಯ ಮಾಡುವ ಹಾಗೂ ಇಲ್ಲ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಓಡಬೇಕು.

“ಹಾಗಾದ್ರೆ ಐಬುಪ್ರೊಫೆನ್ ವಿಷನಾ?” ಅಂತ ಕಾಮೆಂಟಿಗೆ ಕೈ ಹಾಕಬೇಡಿ. ನನ್ನ ಸೊಂಟನೋವಿಗೆ ನಾನೇ ನುಂಗುತ್ತೇನೆ, ಊಟ ಆದಮೇಲೆ, ಒಳ್ಳೆ ಮಾತ್ರೆ. ಗಟ್ಟಿಮುಟ್ಟಾದ ಹರೆಯದವರು ನೀರು ಕುಡಿಯುತ್ತಾ 400ರದ್ದು ಒಂದೆರಡು ದಿನ ತಗೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಫ್ಲೂ ಜ್ವರಕ್ಕೆ ಅದು ಪ್ಯಾರಸಿಟಮಾಲ್‌ಗಿಂತ ಭಾರೀ ದೊಡ್ಡದೇನಲ್ಲ. ಎರಡೂ ಜ್ವರ ಇಳಿಸುತ್ತವೆ, ಎರಡೂ ವೈರಸ್ಸಿಗೆ ಏನೂ ಮಾಡುವುದಿಲ್ಲ. ಐದಾರು ಗಂಟೆಗೆ ಜ್ವರ ಮತ್ತೆ ಏರಿದರೆ ಮಾತ್ರೆಯ ಶಕ್ತಿ ಮುಗಿಯಿತು ಅಂತ ಅಷ್ಟೇ, ಸೋತಿತು ಅಂತಲ್ಲ. ಇನ್ನೊಂದು, ಮಳೆಗಾಲದಲ್ಲಿ ನಾವು ಫ್ಲೂ ಅಂದುಕೊಂಡಿದ್ದು ಡೆಂಗಿ ಆಗಿದ್ದರೆ? ಅಲ್ಲಿ ಐಬುಪ್ರೊಫೆನ್ ರಕ್ತಸ್ರಾವದ ಭಯ ಹೆಚ್ಚಿಸುತ್ತದೆ. ಪರೀಕ್ಷೆ ಆಗುವ ತನಕ ಮುಟ್ಟಲೇಬಾರದು.

ಪ್ಯಾರಸಿಟಮಾಲ್ ಸಾಧು ಅಂತ ಮುಕ್ಕುವವರಿಗೂ ಲೆಕ್ಕ ಇದೆ. ಯಜಮಾನರು ಮನೆಯಲ್ಲಿದ್ದ ಡೋಲೋ 650 ಮೂರು ಹೊತ್ತು ಮುಂದುವರಿಸುವವರಿದ್ದರು, ಅದು 1950. ಹೊಸ ಮಾತ್ರೆ ಮೂರರಲ್ಲಿ 975. ಮೊಮ್ಮಗ ತಂದ ಶೀತದ ಮಾತ್ರೆಯಲ್ಲಿ ತಲಾ 500, ಮೂರು ಹೊತ್ತಿಗೆ 1500. ಕೂಡಿದರೆ 4425 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೇ ದಿನದ ಮಿತಿ 4000. ತೂಕ ಕಡಿಮೆ ಇರುವವರಿಗೆ, ಊಟ ಬಿಟ್ಟವರಿಗೆ, ದಿನಾ ಗುಂಡು ಹಾಕುವವರಿಗೆ ಇನ್ನೂ ಕಡಿಮೆ. ಇಲ್ಲಿ ಏಟು ಬೀಳುವುದು ಲಿವರಿಗೆ.

ಕೊನೆಗೆ ಅವರು ತಗೊಂಡು ಹೋಗಿದ್ದು ಓಆರ್‌ಎಸ್ ಪ್ಯಾಕೆಟ್ಟು. ಇಡೀ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೆ ಹಾಕಿ, ಗಟಗಟ ಅಲ್ಲ, ಚಮಚ ಚಮಚವಾಗಿ ಕುಡಿಯಿರಿ ಅಂದೆ. ಶೀತದ ಮಾತ್ರೆ ಬಿಟ್ಟು, ಡೋಲೋ ಮಾತ್ರ ಆರು ಗಂಟೆಗೊಮ್ಮೆ. ವಾಂತಿ ನಿಲ್ಲುವ ತನಕ ಬಿಪಿ ಮಾತ್ರೆ ತಗೋಬೇಕಾ ಬೇಡ್ವಾ ಅಂತ ಅಲ್ಲೇ ಅವರ ಡಾಕ್ಟರಿಗೆ ಫೋನ್ ಹಚ್ಚಿಸಿದೆ. ನಾಳೆ ಬೆಳಗ್ಗೆ ಕ್ರಿಯಾಟಿನಿನ್ ಮಾಡಿಸಿ, ರಾತ್ರಿ ಮೂತ್ರವೇ ಹೋಗದಿದ್ದರೆ ಆಗಲೇ ಕರೆದುಕೊಂಡು ಬನ್ನಿ ಅಂದರು ಡಾಕ್ಟರು. ಹುಡುಗ ಮಾತ್ರ ಕತ್ತರಿಸಿದ ಸ್ಟ್ರಿಪ್ ವಾಪಸ್ ತಗೊಳ್ಳಲ್ಲ ಅಂತ ಒಂದೇ ಹಟ.